ಖರೇ ಬಜೆಟ್ ಬರೆದ ವರ್ಷ

ಮರಾಠಿ ಸೀಮೆಯ ಖಡಕಿಯಲ್ಲೇ ಹುಟ್ಟಿ, ಖಡಕಿಯಲ್ಲೇ ಬೆಳೆದು, ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಚನ್ನಬಸವ್ವ, ನಿಮ್ಮೂರು ಯಾವುದೆಂದು ಯಾರಾದರೂ ಕೇಳಿದರೆ ಇವತ್ತಿಗೂ "ಇಂಡಿ ತಾಲೂಕು" ಎಂದೇ ಹೇಳುತ್ತಾಳೆ. ಇಂಡಿಯನ್ನು ಅವಳು ಕಂಡದ್ದು ಮದುವೆ, ತೊಟ್ಟಿಲು, ತಿಥಿಗಳಿಗೆ ಹೋದಾಗ ಮಾತ್ರ. ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಎರಡು ಕೋಣೆಯ ಮನೆ ಮತ್ತು ಲೆಕ್ಕದಲ್ಲಿ ಒಂದು ಪೈಸೆಯೂ ಹೆಚ್ಚುಕಡಿಮೆಯಾಗಬಾರದೆಂಬ ಹಟ. ಮನೆ ತಮ್ಮನ ಪಾಲಾಯಿತು. ಹಟ ಇವಳ ಪಾಲಿಗೆ ಬಂತು.

ಕಾಲೇಜಿನಲ್ಲಿ ಅವಳು ಗ್ರಂಥಪಾಲಕಿ. ಮರಾಠಿ ಮಾತಾಡುವವರು ಅವಳ ಹೆಸರನ್ನು ಪೂರ್ತಿ ಉಚ್ಚರಿಸುವ ಗೋಜಿಗೆ ಹೋಗದೆ "ಚನ್ನಾ ಮ್ಯಾಡಮ್" ಎನ್ನುತ್ತಾರೆ. ಪುಸ್ತಕದ ಪುಟ ಮಡಚಿದವರನ್ನು ಅವಳು ನೋಡುವ ನೋಟವೊಂದಿದೆ. ಆ ನೋಟಕ್ಕೆ ಪ್ರೊಫೆಸರುಗಳೂ ಹೆದರುತ್ತಾರೆ. ಒಮ್ಮೆ ಇತಿಹಾಸ ವಿಭಾಗದ ಮುಖ್ಯಸ್ಥರು ಪುಸ್ತಕದ ಅಂಚಿನಲ್ಲಿ ಪೆನ್ನಿನಿಂದ ಟಿಪ್ಪಣಿ ಮಾಡಿ ಸಿಕ್ಕಿಬಿದ್ದರು. ಅವಳು ಬಯ್ಯಲಿಲ್ಲ, ರಬ್ಬರನ್ನು ಅವರ ಕೈಗೆ ಕೊಟ್ಟು ಎದುರಿಗೆ ಕುರ್ಚಿ ಹಾಕಿದಳು. ಪೆನ್ನಿನ ಬರಹ ರಬ್ಬರಿಗೆ ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಪಾಪ, ಆ ಮನುಷ್ಯ ಬಹಳ ಹೊತ್ತು ಉಜ್ಜಿದರು.

ಇಂಥ ಹೆಂಗಸು ವರ್ಷಕ್ಕೊಮ್ಮೆ, ತಪ್ಪದೆ, ಒಂದು ಸುಳ್ಳು ಬರೆಯುತ್ತಿದ್ದಳು. ಅದು ಗ್ರಂಥಾಲಯದ ಬಜೆಟ್.

ಅದರಲ್ಲಿ ಐದು ಬಾಬತ್ತುಗಳು. ಪುಸ್ತಕ ಖರೀದಿ, ನಿಯತಕಾಲಿಕೆಗಳು, ಡಿಜಿಟಲ್ ಚಂದಾ, ಬೈಂಡಿಂಗ್, ಬೇರೆ ಗ್ರಂಥಾಲಯಗಳ ಸದಸ್ಯತ್ವ ಶುಲ್ಕ. ಜನವರಿಯಲ್ಲಿ ಅವಳು ಇದನ್ನು ಬರೆದು ಪ್ರಿನ್ಸಿಪಾಲರಿಗೆ ಕೊಡಬೇಕು. ಅವರು ನೋಡಿ ಕಾಲೇಜು ನಡೆಸುವ ಟ್ರಸ್ಟಿನ ಖಜಾಂಚಿ ಕೃಷ್ಣಾಜಿಯವರಿಗೆ ಕಳಿಸಬೇಕು. ಮಾರ್ಚಿನಲ್ಲಿ ಆಡಳಿತ ಮಂಡಳಿ ಒಪ್ಪಿದರೆ ಏಪ್ರಿಲ್‌ನಿಂದ ಹಣ. ಕೃಷ್ಣಾಜಿ ಬೋಹ್ರಿ ಆಳಿ ಎಂಬ ಪೇಟೆ ಓಣಿಯ ಹಳೇ ಹಾರ್ಡ್‌ವೇರ್ ವ್ಯಾಪಾರಿ. ಯಾರು ಎಷ್ಟೇ ಕೇಳಲಿ, ಮೂರರಲ್ಲಿ ಒಂದು ಪಾಲು ಕಡಿದೇ ಸಹಿ ಹಾಕುವುದು ಅವರ ಪದ್ಧತಿ. ಪ್ರಯೋಗಾಲಯದವರು, ಆಟೋಟದವರು, ತೋಟದ ಮಾಲಿಯ ಗೊಬ್ಬರ, ಯಾವುದಕ್ಕೂ ರಿಯಾಯಿತಿಯಿಲ್ಲ. ಆದ್ದರಿಂದ ಎಂಟು ಬೇಕಾದವರು ಹನ್ನೆರಡು ಕೇಳುತ್ತಿದ್ದರು. ಚನ್ನಬಸವ್ವನೂ ಕೇಳುತ್ತಿದ್ದಳು. ಹೋದ ವರ್ಷ ಹನ್ನೆರಡು ಲಕ್ಷ ಬರೆದಿದ್ದಳು, ಎಂಟು ಸಿಕ್ಕಿತ್ತು, ಎಂಟೇ ಬೇಕಾಗಿತ್ತು. ಎಲ್ಲರೂ ಸುಖವಾಗಿದ್ದರು.

ಅವಳೊಬ್ಬಳು ಬಿಟ್ಟು. ಪ್ರತಿ ಜನವರಿಯಲ್ಲಿ ಆ ಸುಳ್ಳು ಅಂಕಿಯ ಕೆಳಗೆ ಸಹಿ ಹಾಕುವಾಗ ಅಪ್ಪನ ಮುಖ ಎದುರಿಗೆ ಬಂದು ನಿಲ್ಲುತ್ತಿತ್ತು. ಎರಡು ದಿನ ಊಟ ರುಚಿಸುತ್ತಿರಲಿಲ್ಲ.

ಹೀಗಿರುವಾಗ ಹೊಸ ಪ್ರಿನ್ಸಿಪಾಲರು ಬಂದರು. ಹೆಸರು ಅಶ್ವಿನ್, ವಯಸ್ಸು ನಲವತ್ತೆರಡು, ತೋಳು ಮಡಚಿದ ಬಿಳಿ ಅಂಗಿ. ಬಂದ ತಿಂಗಳೇ ಎಲ್ಲ ವಿಭಾಗದವರನ್ನೂ ಕೂರಿಸಿಕೊಂಡು ಮರಾಠಿಯಲ್ಲಿ ಚೆಂದದ ಭಾಷಣ ಮಾಡಿದರು. "ಈ ಹೆಚ್ಚಿಗೆ ಕೇಳುವುದು, ಕಡಿಯುವುದು, ಇದೆಲ್ಲ ಸಂತೆಯ ವ್ಯವಹಾರ. ನಿಮಗೆ ಬೇಕಾದಷ್ಟೇ ಕೇಳಿ. ನಾನು ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ."

ಉಳಿದವರೆಲ್ಲ ತಲೆಯಾಡಿಸಿದರು, ಹೊರಗೆ ಬಂದು ಚಹಾ ಕುಡಿದರು, ಎಂದಿನಂತೆ ಹೆಚ್ಚಿಗೇ ಬರೆದರು. ಆ ಮಾತನ್ನು ನಂಬಿದವಳು ಚನ್ನಬಸವ್ವ ಒಬ್ಬಳೇ. ನಂಬಿದಳು ಎನ್ನುವುದಕ್ಕಿಂತ, ಇಂಥ ಮಾತನ್ನು ಯಾರಾದರೂ ಹೇಳಲೆಂದು ಅಷ್ಟು ವರ್ಷದಿಂದ ಕಾದಿದ್ದಳು.

ಈ ಸಲ ಅವಳಿಗೆ ನಿಜವಾಗಿ ಬೇಕಾದದ್ದು ಒಂಬತ್ತು ಲಕ್ಷ. ಡಿಜಿಟಲ್ ಚಂದಾ ಏರಿತ್ತು. ಅದಕ್ಕಿಂತ ಮುಖ್ಯವಾಗಿ ಎರಡನೇ ವರ್ಷದ ಬಿ.ಎಸ್ಸಿ.ಗೆ ಹೊಸ ಪಠ್ಯಕ್ರಮ ಬಂದು ಬುಕ್ ಬ್ಯಾಂಕಿನ ಹಳೇ ಪುಸ್ತಕಗಳೆಲ್ಲ ಒಂದೇ ಏಟಿಗೆ ನಿರುಪಯೋಗಿಯಾಗಿದ್ದವು. ಬುಕ್ ಬ್ಯಾಂಕೆಂದರೆ, ಕೊಳ್ಳುವ ಶಕ್ತಿಯಿಲ್ಲದ ಮಕ್ಕಳಿಗೆ ಇಡೀ ವರ್ಷದ ಪಠ್ಯಪುಸ್ತಕಗಳ ಒಂದು ಸೆಟ್ಟನ್ನು ಮನೆಗೆ ಕೊಟ್ಟು, ಪರೀಕ್ಷೆ ಮುಗಿದ ಮೇಲೆ ವಾಪಸು ಪಡೆಯುವ ಏರ್ಪಾಡು. ನಲವತ್ತು ಮಕ್ಕಳು ಇದನ್ನೇ ನಂಬಿದ್ದರು.

ಅವರಲ್ಲಿ ಒಬ್ಬಳು ತಿಪ್ಪವ್ವ. ಯಾದಗಿರಿ ಕಡೆಯಿಂದ ಬಂದ ಅವಳ ಅಪ್ಪ ಅವ್ವ ಹಿಂಜವಾಡಿಯಲ್ಲಿ ಏಳುವ ಹೊಸ ಕಟ್ಟಡಗಳಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಕಾಲೇಜು ಮುಗಿದೊಡನೆ ಎರಡು ಬಸ್ಸು ಬದಲಿಸಿ ಓಡಬೇಕು, ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಬೇರೆ ಇಲ್ಲ. ವಾಚನಾಲಯದಲ್ಲಿ ಕೂತು ಓದುವ ಭಾಗ್ಯ ಅವಳ ಹಣೆಯಲ್ಲಿ ಬರೆದಿಲ್ಲ. ಮನೆಗೆ ಒಯ್ದ ಪುಸ್ತಕವೇ ಅವಳ ವಿದ್ಯೆ. ಮೊದಲ ವರ್ಷವನ್ನು ಹಾಗೇ ಓದುತ್ತಿದ್ದಳು. ಜನವರಿಯ ಒಂದು ದಿನ ಚನ್ನಬಸವ್ವನ ಮೇಜಿನ ಮುಂದೆ ಕಾಲು ಬದಲಿಸುತ್ತ ನಿಂತಳು.

"ಮ್ಯಾಡಮ್, ಮುಂದಿನ ವರ್ಷಾನೂ ಪುಸ್ತಕ ಸಿಗತಾವೇನ್ರಿ? ಇಲ್ಲಂದ್ರ ಅಪ್ಪ ಚಾಕಣದ ಫ್ಯಾಕ್ಟರಿಯಾಗ ಪ್ಯಾಕಿಂಗ್ ಕೆಲಸಕ್ಕ ಹಚ್ಚತೀನಿ ಅನ್ನಾಕತ್ಯಾನ."

"ಪುಸ್ತಕ ನಾ ಕೊಡತೀನಿ. ನಿಮ್ಮಪ್ಪಗ ಹೇಳು, ಮ್ಯಾಡಮ್ ಮಾತು ಕೊಟ್ಟಾರ ಅಂತ" ಎಂದಿದ್ದಳು ಚನ್ನಬಸವ್ವ.

ಹೀಗೆ ಒಂದು ಕಡೆ ಕೊಟ್ಟ ಮಾತು, ಇನ್ನೊಂದು ಕಡೆ ಪ್ರಿನ್ಸಿಪಾಲರ ಮಾತು. ಅವಳು ಕೂತು ಬರೆದಳು. ಡಿಜಿಟಲ್‌ಗೆ ಮೂರು ಲಕ್ಷ ಇಪ್ಪತ್ತು ಸಾವಿರ, ನಿಯತಕಾಲಿಕೆಗೆ ಒಂದೂವರೆ ಲಕ್ಷ, ಸದಸ್ಯತ್ವಕ್ಕೆ ನಲವತ್ತು ಸಾವಿರ, ಬೈಂಡಿಂಗ್‌ಗೆ ಮೂವತ್ತು ಸಾವಿರ, ಉಳಿದ ಮೂರು ಲಕ್ಷ ಅರವತ್ತು ಸಾವಿರ ಪುಸ್ತಕಕ್ಕೆ. ಒಟ್ಟು ಒಂಬತ್ತು ಲಕ್ಷ. ಸಹಿ ಹಾಕಿದ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಗಂಡ ಹುಬ್ಬೇರಿಸಿ ನೋಡಿದ.

ಕಾಲೇಜಿನ ಲೆಕ್ಕದ ಗುಮಾಸ್ತ ಶಿವಪ್ರಕಾಶ ಸೊಲ್ಲಾಪುರದ ಕಡೆಯವನು, ಇವಳೊಡನೆ ಕನ್ನಡ ಮಾತಾಡುವ ಇಡೀ ಆಫೀಸಿನ ಏಕೈಕ ಪ್ರಾಣಿ. ಕಾಗದ ನೋಡಿ ಅವನು ಅವಳ ಮೇಜಿಗೇ ಓಡಿ ಬಂದ.

"ಅಕ್ಕಾರ, ಇದೇನ್ರಿ ಒಂಬತ್ತ? ಹದಿಮೂರೂವರಿ ಬರೀರಿ. ಕೃಷ್ಣಾಜಿ ಮೂರರಾಗ ಒಂದ ಕಡದು ಒಂಬತ್ತು ಕೊಡತಾರ."

"ಸಾಹೇಬ್ರು ಕಡಿಯಂಗಿಲ್ಲ ಅಂದಾರ."

"ಸಾಹೇಬ್ರು ಕಡಿಯಂಗಿಲ್ಲರೀ. ಕೃಷ್ಣಾಜಿ ಏನ್ ಅಂದಾರ?"

"ಅವರಿಗೂ ಇವರು ಹೇಳಿರತಾರ ಬಿಡು" ಎಂದು ಚನ್ನಬಸವ್ವ ಅವನ ಬಾಯಿ ಮುಚ್ಚಿಸಿದಳು. ಹೇಳಿದ್ದಾರೋ ಇಲ್ಲವೋ ಎಂದು ಒಮ್ಮೆ ವಿಚಾರಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಖರೇ ಬರೆದ ಖುಷಿ ಮನುಷ್ಯನನ್ನು ಸ್ವಲ್ಪ ಮಂಕು ಮಾಡುತ್ತದೆ. ಖರೇ ಎನ್ನುವುದು ಕಾಗದ ನೋಡಿದೊಡನೆ ಎಲ್ಲರಿಗೂ ತಾನಾಗಿಯೇ ತಿಳಿಯುತ್ತದೆಂದು ಅವಳು ತಿಳಿದಿದ್ದಳು.

ಪ್ರಿನ್ಸಿಪಾಲರು ಮಾತಿಗೆ ತಪ್ಪಲಿಲ್ಲ. ಒಂದು ರೂಪಾಯಿಯನ್ನೂ ಮುಟ್ಟದೆ ಕಳಿಸಿದರು. ಕೃಷ್ಣಾಜಿಯೂ ತಮ್ಮ ಪದ್ಧತಿಗೆ ತಪ್ಪಲಿಲ್ಲ. ಮಾರ್ಚ್ ಕೊನೆಗೆ ಮಂಡಳಿಯ ಒಪ್ಪಿಗೆಯಾಗಿ ಕಾಗದ ಬಂದಾಗ ಒಂಬತ್ತನ್ನು ಕೆಂಪು ಪೆನ್ನಿನಿಂದ ಹೊಡೆದು ಪಕ್ಕದಲ್ಲಿ ಆರು ಎಂದು ಬರೆದಿತ್ತು. ಯಾವ ಬಾಬತ್ತಿಗೆ ಎಷ್ಟು ಎಂಬುದನ್ನು ಗ್ರಂಥಾಲಯ ಸಮಿತಿಯೇ ಹಂಚಿಕೊಳ್ಳಬೇಕೆಂದು ಕೆಳಗೆ ಟಿಪ್ಪಣಿ.

ಚನ್ನಬಸವ್ವ ತಲೆಯ ಮೇಲೆ ಕೈಹೊತ್ತು ಕೂತಳು. ಆಮೇಲೆ ಸಿಟ್ಟು ಬಂತು. ಕೃಷ್ಣಾಜಿಯ ಮೇಲೆ, ಪ್ರಿನ್ಸಿಪಾಲರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೆ.

ಸಮಿತಿ ಸೇರಿತು. ಪ್ರಿನ್ಸಿಪಾಲರೇ ಅಧ್ಯಕ್ಷರು, ವಿಭಾಗಗಳ ಮುಖ್ಯಸ್ಥರು ಸದಸ್ಯರು, ಇವಳು ಕಾರ್ಯದರ್ಶಿ. ಮೂರು ಲಕ್ಷ ಎಲ್ಲಿ ಕಡಿಯುವುದು? ಡಿಜಿಟಲ್‌ನಲ್ಲಿ ಎರಡು ದೊಡ್ಡ ಚಂದಾಗಳಿದ್ದವು. ಒಂದನ್ನಂತೂ ಕಳೆದ ವರ್ಷ ಯಾರೂ ಸರಿಯಾಗಿ ತೆರೆದು ನೋಡಿರಲಿಲ್ಲ. ಅದನ್ನು ಬಿಡೋಣವೇ ಎಂದಳು. ಪ್ರಿನ್ಸಿಪಾಲರು ತಲೆ ಅಲ್ಲಾಡಿಸಿದರು. ಕಾಲೇಜಿಗೆ ದರ್ಜೆ ಕೊಡುವ ತಂಡ ಬರುವ ವರ್ಷ ಇದು, ಡಿಜಿಟಲ್‌ಗೆ ಎಷ್ಟು ಖರ್ಚು ಮಾಡಿದ್ದೀರಿ ಎಂದೇ ಅವರು ಮೊದಲು ಕೇಳುವುದು. ಹೋಗಲಿ, ನಿಯತಕಾಲಿಕೆ? ಈ ಡಿಸೆಂಬರ್ ತನಕದ ಚಂದಾ ಮುಂಗಡವಾಗಿ ಕೊಟ್ಟಾಗಿದೆ, ಬರುವ ಜನವರಿಯದನ್ನು ಈ ಹಣದಲ್ಲೇ ನವೀಕರಿಸಬೇಕು. ಹಾಗಾದರೆ ಯಾವುದನ್ನು ನಿಲ್ಲಿಸುವುದು? ರಸಾಯನಶಾಸ್ತ್ರದವರು ಅರ್ಥಶಾಸ್ತ್ರದ ಪತ್ರಿಕೆ ನಿಲ್ಲಿಸಿ ಎಂದರು, ಅರ್ಥಶಾಸ್ತ್ರದವರು ರಸಾಯನಶಾಸ್ತ್ರದ್ದು ಎಂದರು. ಒಮ್ಮೆ ತಪ್ಪಿದರೆ ಸಂಪುಟಗಳ ಸಾಲಿನಲ್ಲಿ ಶಾಶ್ವತ ಹಲ್ಲು ಬಿದ್ದಂತೆ ಎಂದು ಇಬ್ಬರೂ ಒಕ್ಕೊರಲಿನಿಂದ ಹೇಳಿದರು. ಸದಸ್ಯತ್ವದ ಶುಲ್ಕ ನಿಗದಿಯಾದದ್ದು, ಚೌಕಾಶಿಯಿಲ್ಲ. ಬೈಂಡಿಂಗ್‌ನ ಮೂವತ್ತರಲ್ಲಿ ಬಹುಪಾಲು ಮಾರ್ಚಿನಲ್ಲೇ ಕಟ್ಟಲು ಕೊಟ್ಟ ಹಳೇ ಸಂಪುಟಗಳ ಬಿಲ್ಲಿಗೆ ಹೋಗುವಂಥದ್ದು.

ಇವೆಲ್ಲ ಕಳೆದರೆ ಪುಸ್ತಕಕ್ಕೆ ಉಳಿದದ್ದು ಅರವತ್ತು ಸಾವಿರ. ಬಜೆಟ್ಟಿನಲ್ಲಿ ಬಾಯಿಲ್ಲದ ಬಾಬತ್ತು ಎಂದರೆ ಪುಸ್ತಕವೇ. ಮೊದಲೇ ಯಾರಿಗೂ ಮುಂಗಡ ಕೊಟ್ಟಿರುವುದಿಲ್ಲ, ಬಿಲ್ಲು ಬಂದು ಬಾಗಿಲು ತಟ್ಟುವುದಿಲ್ಲ, ಎಲ್ಲರೂ ಅದರ ಮೇಲೇ ಕತ್ತರಿ ಆಡಿಸುತ್ತಾರೆ.

"ನಾನು ಒಂದು ರೂಪಾಯಿಯನ್ನೂ ಕಡಿಯಲಿಲ್ಲ, ನೀವೇ ನೋಡಿದ್ದೀರಿ" ಎಂದು ಹೇಳಿ ಪ್ರಿನ್ಸಿಪಾಲರು ಎದ್ದರು. ಅದು ನಿಜವಾಗಿದ್ದರಿಂದ ಅವಳಿಗೆ ಮತ್ತಷ್ಟು ಸಿಟ್ಟು ಬಂತು.

ಮರುದಿನ ಅರ್ಧ ದಿನದ ರಜೆ ಹಾಕಿ ಅವಳು ಬೋಹ್ರಿ ಆಳಿಗೆ ಹೋದಳು. ಬೀಗ, ಬೋಲ್ಟು, ಹಗ್ಗಗಳ ನಡುವೆ ಕೃಷ್ಣಾಜಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ಎದ್ದು ನಿಂತು ಸ್ಟೂಲು ಕೊಟ್ಟರು, ಚಹಾ ತರಿಸಿದರು. ಕೆಟ್ಟ ಮನುಷ್ಯರಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು.

"ಕಾಕಾ, ಈ ಸಲ ನಾನು ಹೆಚ್ಚಿಗೆ ಬರೆದಿರಲಿಲ್ಲ. ಒಂಬತ್ತು ಅಂದರೆ ಒಂಬತ್ತೇ ಬೇಕಾಗಿತ್ತು."

"ಈ ಸಲ ಅಂದರೆ?" ಕೃಷ್ಣಾಜಿ ಕನ್ನಡಕ ತೆಗೆದರು.

ಚನ್ನಬಸವ್ವ ಚಹಾದ ಲೋಟ ಕೆಳಗಿಟ್ಟಳು. ಈ ಸಲದ್ದು ಖರೇ ಎನ್ನಬೇಕಾದರೆ ಉಳಿದ ಸಲದ್ದೆಲ್ಲ ಸುಳ್ಳು ಎನ್ನಬೇಕು, ಬೇರೆ ದಾರಿಯಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಇದು ಹೊಳೆದಿತ್ತು, ಬಾಯಿಬಿಟ್ಟು ಹೇಳುವುದು ಇಷ್ಟು ಕಷ್ಟವೆಂದು ಹೊಳೆದಿರಲಿಲ್ಲ. ಹೇಳಿದಳು. ಪ್ರತಿ ವರ್ಷ ಹೆಚ್ಚಿಗೆ ಬರೆದದ್ದು, ಪ್ರತಿ ವರ್ಷ ಮನಸ್ಸು ಚುಚ್ಚಿದ್ದು, ಹೊಸ ಸಾಹೇಬರು ಹೇಳಿದ್ದು, ಎಲ್ಲವನ್ನೂ.

ಕೃಷ್ಣಾಜಿ ಸಿಟ್ಟಾಗಲಿಲ್ಲ. "ತಾಯಿ, ನೀವು ಹೆಚ್ಚಿಗೆ ಬರೆಯುವುದು ನನಗೆ ಗೊತ್ತಿತ್ತು. ನಾನು ಕಡಿಯುವುದು ನಿಮಗೆ ಗೊತ್ತಿತ್ತು. ಅದರಲ್ಲಿ ಸುಳ್ಳು ಎಲ್ಲಿ ಬಂತು? ಅದು ನಮ್ಮಿಬ್ಬರ ನಡುವಿನ ಮಾತು. ಮಾತು ಬದಲಿಸುವಾಗ ನನಗೂ ಒಮ್ಮೆ ಹೇಳಬೇಕಿತ್ತಲ್ಲ? ಎಂಟು ಜನ ಎಂದಿನಂತೆ ಬರೆದಿದ್ದಾರೆ, ಒಂಬತ್ತನೆಯವರು ಖರೇ ಬರೆದಿದ್ದಾರೆಂದು ನನಗೆ ಕನಸು ಬೀಳಬೇಕಿತ್ತೇ?"

"ಈಗ ಸರಿಮಾಡಬಹುದಲ್ಲ ಕಾಕಾ?"

"ಮಂಡಳಿ ಪಾಸು ಮಾಡಿಬಿಟ್ಟಿದೆ. ಡಿಸೆಂಬರಿನಲ್ಲಿ ಪರಿಷ್ಕೃತ ಅಂದಾಜು ಇದೆಯಲ್ಲ, ಆಗ ಬರೆಯಿರಿ. ಖಂಡಿತ ನೋಡೋಣ."

"ಮಕ್ಕಳಿಗೆ ಪುಸ್ತಕ ಜುಲೈನಲ್ಲಿ ಬೇಕು."

ಕೃಷ್ಣಾಜಿ ಕನ್ನಡಕ ಮತ್ತೆ ಹಾಕಿಕೊಂಡರು. "ನನಗೂ ಬೇಜಾರಾಗುತ್ತದೆ ತಾಯಿ" ಎಂದರು. ಅವರಿಗೆ ನಿಜಕ್ಕೂ ಬೇಜಾರಾಗಿತ್ತು. ಅದರಿಂದ ಅವಳಿಗೆ ಏನೂ ಸಿಗಲಿಲ್ಲ.

ಅಂಗಡಿಯಿಂದ ಹೊರಬಿದ್ದು ಬಸ್ ನಿಲ್ದಾಣಕ್ಕೆ ನಡೆಯುವಾಗ ಅವಳ ಕಣ್ಣು ತುಂಬಿ ಬಂತು. ಆರು ಲಕ್ಷ ಸಿಕ್ಕ ದುಃಖವೊಂದೇ ಆಗಿರಲಿಲ್ಲ. ಅಷ್ಟು ವರ್ಷ ಪಾಪವೆಂದು ನೆನೆನೆನೆದು ಊಟ ಬಿಟ್ಟದ್ದು ಪಾಪವೇ ಆಗಿರಲಿಲ್ಲ, ಪುಣ್ಯವೆಂದು ಮಾಡಿದ್ದೇ ನಲವತ್ತು ಮಕ್ಕಳ ಬೆನ್ನಿಗೆ ಬಿದ್ದಿತ್ತು. ಇದನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ. ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು.

ಅರವತ್ತು ಸಾವಿರದಲ್ಲಿ ಬೇರೆ ಒಂದೂ ಪುಸ್ತಕ ಕೊಳ್ಳದೆ, ಪುಸ್ತಕದಂಗಡಿಯವನನ್ನು ಕಾಡಿ ಬೇಡಿ ಸಿಗುವಷ್ಟು ರಿಯಾಯಿತಿ ಪಡೆದರೂ, ಎರಡನೇ ವರ್ಷದ ಇಪ್ಪತ್ತೇ ಸೆಟ್ ಬಂದವು. ಬೇಕಾದದ್ದು ನಲವತ್ತು. ಹೆಚ್ಚು ಅಂಕದವರಿಗೆ ಕೊಟ್ಟು ಉಳಿದವರನ್ನು ಬಿಡಿ, ನಿಯಮದಲ್ಲಿ ಹಾಗೇ ಇದೆ ಎಂದರು ಪ್ರಿನ್ಸಿಪಾಲರು. ಅಂಕದ ಪ್ರಕಾರ ಜೋಡಿಸಿದರೆ ತಿಪ್ಪವ್ವ ಮೂವತ್ತನೆಯವಳೋ ಏನೋ. ಎರಡು ಬಸ್ಸು ಹಿಡಿದು ಹೋಗಿ, ಅಡಿಗೆ ಮಾಡಿ, ತಮ್ಮ ತಂಗಿಯರನ್ನು ಮಲಗಿಸಿ ಓದುವ ಹುಡುಗಿ ಅದಕ್ಕಿಂತ ಮೇಲೆ ಬರುವುದು ಹೇಗೆ?

ಚನ್ನಬಸವ್ವ ಒಂದು ವಾರ ಆ ಸೆಟ್ಟುಗಳನ್ನು ಯಾರಿಗೂ ಹಂಚದೆ ಮೇಜಿನ ಮೇಲೇ ಇಟ್ಟುಕೊಂಡಳು. ಆಮೇಲೆ ಬೈಂಡಿಂಗ್ ಮಾಡುವ ತಾಯಪ್ಪನಿಗೆ ಹೇಳಿ ಕಳಿಸಿದಳು. ಪತ್ರಿಕೆಗಳ ಬಿಡಿ ಸಂಚಿಕೆಗಳನ್ನು ವರ್ಷವಾರು ಜೋಡಿಸಿ ಸಂಪುಟ ಕಟ್ಟುವವನು ಅವನೇ. ಬೈಂಡಿಂಗ್ ಬಾಬತ್ತಿನಲ್ಲಿ ಹಳೇ ಬಿಲ್ಲು ಕಳೆದು ಇನ್ನೂ ಸ್ವಲ್ಪ ಉಳಿದಿತ್ತು. ತಾಯಪ್ಪ ಬಂದು ಮೇಜಿನ ಮೇಲಿನ ಹೊಚ್ಚ ಹೊಸ ಪುಸ್ತಕಗಳನ್ನು ನೋಡಿ ಮೆಚ್ಚಿಕೊಂಡ.

"ಇವಕ್ಕೇನ ಬೈಂಡಿಂಗ್ ಬೇಕಾಗೇದ ಅಕ್ಕಾರ? ಭಾಳ ಗಟ್ಟಿ ಅದಾವ."

"ಒಂದೊಂದನ್ನ ನಡುವ ಕೊಯ್ದು ಎರಡ ಮಾಡು. ಎರಡಕ್ಕೂ ಬ್ಯಾರೆ ಬ್ಯಾರೆ ರಟ್ಟ ಹಚ್ಚು."

ತಾಯಪ್ಪ ನಗುತ್ತಲೇ ಒಂದು ಪುಸ್ತಕ ಕೈಗೆತ್ತಿಕೊಂಡವನು ಅವಳ ಮುಖ ನೋಡಿ ಅದನ್ನು ಕೆಳಗಿಟ್ಟ. "ಹರದದ್ದನ್ನ ಕೂಡಸೂದು ನನ್ನ ಕೆಲಸರೀ. ಹೊಸಾ ಪುಸ್ತಕ ಕೊಯ್ಯಾಕ ಕೈ ಹೆಂಗ ಬರತದ?"

"ನನಗೂ ಬರಂಗಿಲ್ಲ ತಾಯಪ್ಪಾ. ಆದ್ರ ಅರ್ಧಾ ಪುಸ್ತಕ ಇದ್ದವ್ರು ಕಾಲೇಜ ಬಿಡಂಗಿಲ್ಲ."

ಇಬ್ಬಿಬ್ಬರಿಗೆ ಒಂದು ಸೆಟ್. ಒಬ್ಬರಿಗೆ ಮೊದಲರ್ಧ, ಇನ್ನೊಬ್ಬರಿಗೆ ಎರಡನೇ ಅರ್ಧ. ವಾರಕ್ಕೊಮ್ಮೆ ಅದಲು ಬದಲು ಮಾಡಿಕೊಳ್ಳಬೇಕು. ಪುಟ ಮಡಚಿದವರನ್ನು ಸುಟ್ಟುಬಿಡುವಂತೆ ನೋಡುತ್ತಿದ್ದ ಹೆಂಗಸು, ತಾಯಪ್ಪ ಚೂರಿ ಇಳಿಸುವಾಗ ಪಕ್ಕದಲ್ಲೇ ನಿಂತು ಎಲ್ಲಿ ಕೊಯ್ಯಬೇಕೆಂದು ಬೆರಳಿಟ್ಟು ತೋರಿಸಿದಳು. ಅಧ್ಯಾಯ ಮುಗಿಯುವಲ್ಲಿ ಕೊಯ್ಯೋಣವೆಂದರೆ ಕೆಲವೆಡೆ ಒಂದೇ ಹಾಳೆಯ ಮುಂಬದಿಗೆ ಒಂದು ಅಧ್ಯಾಯ ಮುಗಿದು ಹಿಂಬದಿಗೆ ಇನ್ನೊಂದು ಶುರುವಾಗಿತ್ತು. ಆ ಹಾಳೆ ಯಾವ ಅರ್ಧಕ್ಕೆ ಹೋದರೂ ಇನ್ನೊಂದಕ್ಕೆ ಕೊರತೆಯೇ. ಅಂಥ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ಕೊರತೆಯಿದ್ದ ಕಡೆ ಅಂಟಿಸಿದಳು.

ಹಂಚುವ ದಿನ ಯಾರಿಗೆ ಮೊದಲರ್ಧ ಎಂದು ಚೀಟಿ ಎತ್ತಿಸಿದಳು. ಅಷ್ಟಾದರೂ ನ್ಯಾಯ ಇರಲಿ ಎಂದು. ಸಾಲಿನಲ್ಲಿ ಬಂದ ತಿಪ್ಪವ್ವ ಎತ್ತಿದ್ದು ಎರಡನೇ ಅರ್ಧ. ತೆಳ್ಳನೆಯ ಪುಸ್ತಕಗಳನ್ನು ಎದೆಗವಚಿಕೊಂಡು ಬಾಗಿಲ ತನಕ ಹೋದವಳು, ಒಂದನ್ನು ತೆರೆದು ನೋಡಿ ಅಲ್ಲೇ ನಿಂತಳು. ಒಂಬತ್ತನೇ ಅಧ್ಯಾಯದಿಂದ ಶುರುವಾಗುವ ಪುಸ್ತಕ. ಎಲ್ಲರೂ ಹೋಗುವವರೆಗೆ ಕಾದು ಮೇಜಿನ ಹತ್ತಿರ ಬಂದಳು.

"ಮ್ಯಾಡಮ್, ಹ್ವಾದ ವರ್ಷ ಪೂರಾ ಪುಸ್ತಕ ಕೊಟ್ಟಿದ್ರಿ." ಕಣ್ಣು ನೆಲದ ಮೇಲಿತ್ತು. "ನಾ ಏನರೆ ಹೊಲಸ ಮಾಡಿದ್ನೇನ್ರಿ? ನಮ್ಮ ಶೆಡ್ಡಿನಾಗ ಸೋರತದ್ರಿ, ಆದ್ರ ನಾ ಪ್ಲಾಸ್ಟಿಕ್ಕಿನಾಗ ಸುತ್ತಿ ಇಡತಿದ್ದೆ. ಖರೇನ ಹೇಳತೀನ್ರಿ."

ಅಂಕಿ, ಬಾಬತ್ತು, ಮಂಡಳಿ, ಕೆಂಪು ಪೆನ್ನು, ಇದರಲ್ಲಿ ಯಾವುದನ್ನು ಈ ಹುಡುಗಿಗೆ ಹೇಳುವುದು? ಹೇಳಿದರೂ ಏನೆಂದು ಹೇಳುವುದು?

"ನೀ ಏನೂ ಮಾಡಿಲ್ಲವ್ವಾ. ಪುಸ್ತಕ ನೀ ಭಾಳ ಚೊಲೋ ಇಟ್ಟಿದ್ದಿ. ಮಾಡಿದಾಕಿ ನಾ."

"ನೀವೇನ ಮಾಡಿದ್ರಿ ಮ್ಯಾಡಮ್?"

"ಖರೇ ಹೇಳಿದೆ" ಎಂದಳು ಚನ್ನಬಸವ್ವ.

ತಿಪ್ಪವ್ವನಿಗೆ ಅರ್ಥವಾಗಲಿಲ್ಲ. ಬಯ್ಸಿಕೊಳ್ಳಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಅವಳು ಆ ಅರ್ಧ ಪುಸ್ತಕಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದಳು, ಬಸ್ಸಿಗೆ ತಡವಾಗುತ್ತದೆಂದು ಹೇಳಿ ಓಡಿದಳು.